ಕೆರೆ ಏರಿಯ ಮೇಲೆ ಮೂರನೇ ಪಿರಿಯಡ್

"ರಾಯರೇ, ಇನ್ನು ಎಂಟನೇ ಕ್ಲಾಸಿಗೆ ಬೇರೆ ಬೇರೆ ವಿಷಯ ಇಲ್ಲ. 'ನಮ್ಮೂರ ಕೆರೆ' ಒಂದೇ ಸಮಗ್ರ ಪಾಠ. ಫಿನ್ಲೆಂಡಿನಲ್ಲಿ ಹಾಗೇ ಅಂತೆ."

"ಅಲ್ಲಿ 2016ರಿಂದ ವರ್ಷಕ್ಕೆ ಒಂದಾದರೂ ಅಂಥ ಘಟಕ ಇರಬೇಕು ಅಂತಿದೆ ಸಾರ್. ಗಣಿತ, ವಿಜ್ಞಾನ ಬೇರೆಯಾಗಿಯೇ ಉಳಿದಿವೆ."

"ಇರಲಿ. ಮಂಗಳವಾರ ಮೂರನೇ ಪಿರಿಯಡ್, ನಾಲ್ಕು ವಿಷಯದ ಮೇಷ್ಟ್ರೂ ಕೆರೆ ಏರಿ ಮೇಲಿರಬೇಕು."

"ಆಗ ನನಗೆ ಹತ್ತನೇ ಕ್ಲಾಸು, ವಿಜ್ಞಾನದವರಿಗೆ ಒಂಬತ್ತನೇ 'ಬಿ'."

"ಪಿ.ಟಿ. ಮೇಷ್ಟ್ರು ನೋಡ್ಕೋತಾರೆ."

"ಎರಡನ್ನೂ?"

"ಮೈದಾನದಲ್ಲಿ ಸೇರಿಸಿದರಾಯ್ತು. ಅದೂ ಸಮಗ್ರವೇ!"

"ಪಿರಿಯಡ್ಡು 40 ನಿಮಿಷ, ಕೆರೆಗೆ ಹೋಗಿಬರೋಕೇ ಅರ್ಧ ಗಂಟೆ. ನಾಲ್ಕನೇದನ್ನೂ ಜೋಡಿಸಿದರೆ ಹಿಂದಿ ಹೋಗುತ್ತೆ."

"ಹಿಂದಿ ಮೇಡಂ ಕೂಡ ಬರಲಿ."

"ಮಕ್ಕಳು ಕೆರೆ ಅಳೆದದ್ದಕ್ಕೆ ಅಂಕ ಯಾವ ಕಾಲಮ್ಮಿಗೆ? ಅಂಕಪಟ್ಟಿಯಲ್ಲಿ 'ಕೆರೆ' ಇಲ್ಲವಲ್ಲ."

"ನಾಲ್ಕಕ್ಕೂ ಹಂಚಿ. ಮಿಕ್ಕಿದ್ದು ಕನ್ನಡಕ್ಕೆ."