ಹಪ್ಪಳವೂ ಹನ್ನೆರಡು ತಿಂಗಳೂ

ಶಿರಸಿಯ ನಮ್ಮ ಚಿಕ್ಕಮ್ಮನ ಹಲಸಿನ ಹಪ್ಪಳಕ್ಕೆ ಮುದ್ರಾ ಯೋಜನೆಯ ಸಾಲ ಬೇಕಾಗಿತ್ತು. 50,000 ರೂಪಾಯಿವರೆಗಿನದಕ್ಕೆ 'ಶಿಶು' ಎಂದು ಹೆಸರು. ಅರ್ಜಿ ಆನ್‌ಲೈನಿನಲ್ಲಿ, ಟೈಪಿಸುವ ಕೆಲಸ ನನ್ನದು.

'ನಿಮ್ಮ ಉದ್ಯಮವನ್ನು ವಿವರಿಸಿ' ಎಂಬ ಬಾಕ್ಸಿಗೆ ನೂರು ಅಕ್ಷರಗಳ ಮಿತಿ. ಚಿಕ್ಕಮ್ಮ ಶುರು ಮಾಡಿದಳು: "ಬರ್ಕೋ ತಮಾ. ಕಾಯಿ ಬಲಿತಿರಬೇಕು, ಹಣ್ಣಾಗಿರಬಾರದು. ಸೊಳೆ ಬಿಡಿಸಿ ಬೇಯಿಸಿ, ಬಿಸಿ ಆರೋದರೊಳಗೆ ಕುಟ್ಟಬೇಕು..." ಅವಳು ಒರಳಿಗೆ ಬರುವಷ್ಟರಲ್ಲಿ ಬಾಕ್ಸು ತುಂಬಿತ್ತು. ಕಂಪ್ಯೂಟರಿನ ಲೆಕ್ಕವೂ ವಿಚಿತ್ರ. 'ಹಪ್ಪಳ' ನಮ್ಮ ಕಣ್ಣಿಗೆ ಮೂರೇ ಅಕ್ಷರ. ಅದು ಒತ್ತಕ್ಷರವನ್ನು ಬಿಡಿಸಿ ಐದೆಂದು ಎಣಿಸುತ್ತದೆ. ಕನ್ನಡದಲ್ಲಿ ಸಾಲ ಕೇಳುವವರು ಒತ್ತಕ್ಷರದಲ್ಲಿ ಮಿತವ್ಯಯ ಸಾಧಿಸಬೇಕು.

ನಿಜವಾದ ಪೇಚು ಮುಂದಿನ ಬಾಕ್ಸಿನಲ್ಲಿ: 'ನಿರೀಕ್ಷಿತ ಮಾಸಿಕ ಮಾರಾಟ'. ಹಪ್ಪಳ ಒತ್ತುವುದು ಏಪ್ರಿಲ್, ಮೇ ಎರಡೇ ತಿಂಗಳು. ದಿನಕ್ಕೆ ಐನೂರರಂತೆ ಮೂವತ್ತು ಸಾವಿರ ಹಪ್ಪಳ, ಇಪ್ಪತ್ತೈದರ ಕಟ್ಟಿನಲ್ಲಿ 1,200 ಕಟ್ಟು. ಕಟ್ಟಿಗೆ 110 ರೂಪಾಯಿಯಂತೆ ವರ್ಷಕ್ಕೆ 1,32,000. ಹನ್ನೆರಡರಿಂದ ಭಾಗಿಸಿ 11,000 ಎಂದು ಹಾಕಿದೆ. ಕೂಲಿ, ಕಾಯಿ, ಉಪ್ಪು, ಖಾರ, ಪ್ಲಾಸ್ಟಿಕ್ ಕವರು ಸೇರಿ 72,000. ಅದನ್ನೂ ಭಾಗಿಸಿದರೆ 6,000. ತಿಂಗಳಿಗೆ 5,000 ಉಳಿತಾಯ. ತೆರೆಯ ಮೇಲೆ ಚಿಕ್ಕಮ್ಮ ಸಂಬಳದಾರಳಾಗಿಬಿಟ್ಟಳು.

ಅವಳು ಕನ್ನಡಕ ಏರಿಸಿ ನೋಡಿ, "ತಿಂಗಳು ತಿಂಗಳೂ ಐದು ಸಾವಿರ ಉಳಿಯೋದಾದ್ರೆ ನಂಗೆ ಸಾಲ ಯಾಕೆ?" ಎಂದಳು.

ಬ್ಯಾಂಕಿನವರೂ ಅದನ್ನೇ ಕೇಳಿಯಾರು. ಎಪ್ಪತ್ತೆರಡು ಸಾವಿರವೂ ಖರ್ಚಾಗುವುದು ಆ ಎರಡು ತಿಂಗಳಲ್ಲಿ. ದುಡ್ಡು ತಿರುಗಿ ಬರುವುದು ಜೂನ್ ಆದಮೇಲೆ, ಮಳೆ ಹಿಡಿದು ಜನರಿಗೆ ಕರಿದದ್ದು ತಿನ್ನುವ ಚಪಲ ಹುಟ್ಟಿದಾಗ. ಸಾಲ ಬೇಕಾದದ್ದು ಈ ನಡುವಿನ ಕಂದಕ ದಾಟಲು. ಹನ್ನೆರಡರಿಂದ ಭಾಗಿಸಿದ ನಾನು ಆ ಕಂದಕವನ್ನೇ ಮುಚ್ಚಿಹಾಕಿದ್ದೆ. ಮೇಲಾಗಿ ಮಾರ್ಚ್‌ನಲ್ಲಿ ಸಾಲ ಸಿಕ್ಕಿ ಮರುತಿಂಗಳೇ ಕಂತು ಶುರುವಾದರೆ, ಹಪ್ಪಳ ಇನ್ನೂ ಚಾಪೆಯ ಮೇಲೆಯೇ ಇರುತ್ತದೆ.

ಹಾಗಾಗಿ 'ಸಾಲದ ಬಗೆ'ಯಲ್ಲಿ ಅವಧಿ ಸಾಲ ಬಿಟ್ಟು ಕ್ಯಾಶ್ ಕ್ರೆಡಿಟ್ ಆರಿಸಿದೆ. ಬೇಕಾದಾಗ ತೆಗೆದು, ಮಾರಿದಂತೆಲ್ಲ ಕಟ್ಟುತ್ತ ಹೋದರೆ ಬಳಸಿದಷ್ಟಕ್ಕೇ ಬಡ್ಡಿ. 'ಉದ್ದೇಶ'ದ ಬಾಕ್ಸಿನಲ್ಲಿ ವಿಶೇಷಣಗಳನ್ನೆಲ್ಲ ಕಿತ್ತೆಸೆದು ಹೀಗೆ ಬರೆದೆ: 'ಏಪ್ರಿಲ್ ಮೇ ಖರ್ಚು 72000 ಮಾರಾಟ ಜೂನ್ ನಂತರ'. ಅಲ್ಪವಿರಾಮ, ರೂಪಾಯಿ ಚಿಹ್ನೆ ಎರಡನ್ನೂ ಆ ಬಾಕ್ಸು ಒಪ್ಪಲಿಲ್ಲ. ಸಾಲ ಕೊಡುವ ಜಾಗದಲ್ಲಿ ರೂಪಾಯಿ ಚಿಹ್ನೆಗೇ ನಿಷೇಧ!

"ರುಚಿ ಬಗ್ಗೆ ಒಂದು ಮಾತೂ ಇಲ್ವಲ್ಲೋ" ಎಂದು ಚಿಕ್ಕಮ್ಮ ಮುಖ ಊದಿಸಿಕೊಂಡಳು.

ಕೊನೆಯದು 'ಉದ್ಯಮಕ್ಕಿರುವ ಅಪಾಯಗಳು', ಐವತ್ತು ಅಕ್ಷರ. ಅವಳು ಯೋಚಿಸಲೂ ಇಲ್ಲ.

"ಮಂಗ ಮತ್ತು ಮೋಡ."

ಹದಿಮೂರಕ್ಕೇ ಮುಗಿಯಿತು. ಉಳಿದ ಮೂವತ್ತೇಳನ್ನು ಮೊದಲ ಬಾಕ್ಸಿಗೆ ವರ್ಗಾಯಿಸಿ ಒರಳಿನ ಕಥೆ ಪೂರ್ತಿ ಮಾಡೆಂದು ಚಿಕ್ಕಮ್ಮ ಹಟ ಹಿಡಿದಳು.