ಸಿಕ್ಕಿಬಿದ್ದ ಕಳ್ಳ ನಾನೇ

ಹಿಂದಿನ ಬೀದಿಯಲ್ಲಿ ಕಳ್ಳತನವಾದ ಸುದ್ದಿ ಬಂದ ದಿನ ನನ್ನಾಕೆ ಕೇಳಿದ್ದು ಒಂದು ಗಟ್ಟಿ ಬೀಗ. ನಾನು ತಂದದ್ದು ಆರು ರೀಡ್ ಸ್ವಿಚ್, ಒಂದು ಆರ್ಡುಯಿನೋ ಬೋರ್ಡು, ಒಂದು ಕೀಪ್ಯಾಡು, ಒಂದು ಸೈರನ್ನು.

ರೀಡ್ ಸ್ವಿಚ್ ಸಾಧು ಪ್ರಾಣಿ. ಗಾಜಿನ ಕೊಳವೆಯೊಳಗೆ ಎರಡು ತೆಳು ಲೋಹದ ಎಸಳು. ಬಾಗಿಲಿಗೆ ಅಂಟಿಸಿದ ಅಯಸ್ಕಾಂತ ಹತ್ತಿರವಿದ್ದರೆ ಅವು ಕೂಡಿಕೊಳ್ಳುತ್ತವೆ, ಬಾಗಿಲು ತೆರೆದರೆ ದೂರವಾಗುತ್ತವೆ. "ಇಷ್ಟೇನಾ?" ಎಂದಳು. "ಇಷ್ಟೇ" ಎಂದೆ. ಆ ಒಂದು ಪದಕ್ಕೆ ಇಡೀ ಮಳೆಗಾಲ ದಂಡ ತೆತ್ತೆ.

ಕಿಟಕಿಯಿಂದ ಮನೆಯವರು ಯಾರೂ ಬರುವುದಿಲ್ಲವಾದ್ದರಿಂದ ಅಲ್ಲಿ ತಕ್ಷಣ ಸೈರನ್. ಮುಂಬಾಗಿಲಿಗೆ ಮಾತ್ರ 30 ಸೆಕೆಂಡು ರಿಯಾಯಿತಿ. ಅಷ್ಟರೊಳಗೆ ಕೋಡ್ ಒತ್ತಬೇಕು. ಆ ರಿಯಾಯಿತಿಗೆ ನಾನು ಬರೆದದ್ದು `delay(30000)`. ಮೊದಲ ಸಂಜೆ ತರಕಾರಿ ಚೀಲ ಹಿಡಿದು ಒಳಬಂದೆ. ಕೋಡ್ ಒತ್ತಿದೆ, ಉಸಿರಿಲ್ಲ. ಮತ್ತೆ ಒತ್ತಿದೆ. ಕೊನೆಗೆ ಕೀಪ್ಯಾಡಿಗೆ ಗುದ್ದಿದೆ. ಮೂವತ್ತನೆಯ ಸೆಕೆಂಡಿಗೆ ಸೈರನ್ ಬಾಯಿಬಿಟ್ಟಿತು. ಪಕ್ಕದ ಮನೆ ರಾಯರು ದೊಣ್ಣೆ ಹಿಡಿದು ಓಡಿಬಂದರು. ಕೈಯಲ್ಲಿ ಹೀರೇಕಾಯಿ ಇದ್ದದ್ದಕ್ಕೆ ಬಚಾವಾದೆ.

ಆಮೇಲೆ ತಿಳಿಯಿತು: `delay` ಎಂದರೆ ಬೋರ್ಡು ಕಣ್ಣುಮುಚ್ಚಿ ಮೂವತ್ತು ಎಣಿಸುತ್ತದೆ, ಅಷ್ಟು ಹೊತ್ತು ಕೀಪ್ಯಾಡನ್ನು ತಿರುಗಿಯೂ ನೋಡುವುದಿಲ್ಲ. ಬಾಗಿಲು ತೆರೆದ ಗಳಿಗೆಯನ್ನು `t0` ಎಂದು ಬರೆದಿಟ್ಟುಕೊಂಡು, ಬೇರೆ ಕೆಲಸದ ನಡುವೆ ಆಗಾಗ ಗಡಿಯಾರ ನೋಡುವಂತೆ ಅದಕ್ಕೆ ಕಲಿಸಬೇಕಿತ್ತು:

```
if (state == ENTRY && millis() - t0 >= 30000UL)
  state = ALARM;
```

ಅಷ್ಟರಲ್ಲಿ ಆಷಾಢದ ಗಾಳಿ ಬಂತು. ಹಿತ್ತಲ ಕಿಟಕಿಯ ಚಿಲಕ ಸಡಿಲ. ಗಾಳಿ ಬೀಸಿದಾಗಲೆಲ್ಲ ಅಯಸ್ಕಾಂತ ಒಂದಿಷ್ಟು ಹಿಂದೆ ಸರಿದು ಮತ್ತೆ ಮುಂದೆ. ರಾತ್ರಿ ಎರಡಕ್ಕೆ ಸೈರನ್. ಮೂರಕ್ಕೆ ಇನ್ನೊಮ್ಮೆ. ಸಿಟ್ಟಿನಲ್ಲಿ, ಐದು ಸೆಕೆಂಡು ಒಂದೇ ಸಮನೆ ತೆರೆದಿದ್ದರೆ ಮಾತ್ರ ಕೂಗು ಎಂದು ಬರೆದೆ. "ಅಷ್ಟರಲ್ಲಿ ಕಳ್ಳ ಒಳಗೆ ಬಂದು ಕಿಟಕಿ ಮುಚ್ಚಿಯೂ ಬಿಡ್ತಾನಲ್ರೀ" ಎಂದಳು ನನ್ನಾಕೆ. ಸರಿಯಾದ ಮಾತು. ಸೆಕೆಂಡಿನ ಮೂರನೇ ಒಂದು ಭಾಗಕ್ಕೆ ಇಳಿಸಿದೆ. ಗಾಳಿಯ ಅಲುಗಾಟ ಅಷ್ಟರಲ್ಲೇ ಮುಗಿಯುತ್ತದೆ, ಮನುಷ್ಯ ತೂರುವುದಕ್ಕೆ ಅದು ಸಾಲದು. ಒಂದೇ ಕಿಟಕಿ ರಾತ್ರಿಯಲ್ಲಿ ಮೂರು ಸಲ ಕೂಗಿದರೆ ಬೆಳಗಿನವರೆಗೆ ಅದೊಂದರ ಮಾತು ಕೇಳಬೇಡ, ಉಳಿದವುಗಳನ್ನು ಕಾಯುತ್ತಿರು ಎಂದೂ ಸೇರಿಸಿದೆ. ನಿಜವಾದ ಮದ್ದು ಮಾತ್ರ ಚಿಲಕದ ಎರಡು ಸ್ಕ್ರೂ ಬಿಗಿ ಮಾಡಿದ್ದು. ಅದನ್ನು ಯಾರಿಗೂ ಹೇಳಿಲ್ಲ.

ಭಾನುವಾರ ನನ್ನ ಭಾವಮೈದ ಬಂದ. ವೈರಿಂಗ್ ಕೆಲಸದವನು. "ತಂತಿ ಕತ್ತರಿಸಿದರೂ ಬಾಗಿಲು ತೆರೆದಂತೆಯೇ ಲೆಕ್ಕ, ಸೈರನ್ ಕೂಗುತ್ತೆ" ಎಂದು ಜಂಬ ಕೊಚ್ಚಿದೆ. ಅವನು ಜಗುಲಿಯ ಮೇಲೆ ಹಾದುಹೋದ ಎರಡು ತಂತಿಗೂ ಒಂದೇ ಪಿನ್ನು ಚುಚ್ಚಿ ಜೋಡಿಸಿದ, ಕಿಟಕಿ ತೆರೆದು ಒಳಗಿಳಿದ. "ಭಾವ, ಕಾಫಿ ಇದೆಯಾ?" ತಂತಿಗಳು ಕೂಡಿದ್ದರೆ ಕಿಟಕಿ ಮುಚ್ಚಿದೆ ಎಂದೇ ಬೋರ್ಡಿನ ನಂಬಿಕೆ.

ಇದಕ್ಕೆ ಉಪಾಯ ರೆಸಿಸ್ಟರ್. ಬೋರ್ಡಿನಲ್ಲಿ ಐದು ವೋಲ್ಟಿನಿಂದ ತಂತಿಗೆ ಒಂದು 10 ಕಿಲೋಓಮ್. ತಂತಿಯ ಆ ಕೊನೆಯಲ್ಲಿ ಸ್ವಿಚ್ಚಿನ ಜೊತೆ ಸಾಲಾಗಿ ಅಂಥದ್ದೇ ಒಂದು, ಸ್ವಿಚ್ಚಿಗೆ ಅಡ್ಡವಾಗಿ ಇನ್ನೊಂದು. ಆಗ ಅನಲಾಗ್ ಪಿನ್ನಿನಲ್ಲಿ ಮುಚ್ಚಿದ ಕಿಟಕಿ ಸುಮಾರು 512, ತೆರೆದದ್ದು 682, ಕತ್ತರಿಸಿದ ತಂತಿ 1023, ಪಿನ್ನು ಚುಚ್ಚಿದ ತಂತಿ 0. ನಾನು ಸೋಮಾರಿತನದಿಂದ ಆ ಎರಡು ರೆಸಿಸ್ಟರನ್ನೂ ಬೋರ್ಡಿನ ಪೆಟ್ಟಿಗೆಯೊಳಗೇ ಬೆಸೆದೆ. ಮುಂದಿನ ಭಾನುವಾರ ಅವನು ಹೊರಗಿನ ತಂತಿಗೇ ಮತ್ತೆ ಪಿನ್ನು ಚುಚ್ಚಿದ. ಓದಿದ್ದು ಅದೇ 512. ಎರಡನೇ ಕಾಫಿ. ರೆಸಿಸ್ಟರ್ ಇರಬೇಕಾದದ್ದು ಕಿಟಕಿಯ ಬಳಿ, ಸ್ವಿಚ್ಚಿನ ಕವಚದೊಳಗೆ. ಅಲ್ಲಿಗೆ ಸಾಗಿಸಿದ ಮೇಲೆ ಅವನಿಗೆ ಕಾಫಿ ತಪ್ಪಿತು.

ಕೊನೆಗೆ ಪೆಟ್ಟಿಗೆಯ ಮುಚ್ಚಳಕ್ಕೂ ಒಂದು ಪುಟ್ಟ ಸ್ವಿಚ್ ಇಟ್ಟೆ. ಅಲಾರಾಂ ಆಫ್ ಇದ್ದರೂ ಹಗಲೂ ರಾತ್ರಿ ಅದಕ್ಕೆ ಎಚ್ಚರ. ತಿಂಗಳ ನಂತರ, ಒಂದು ರಾತ್ರಿ ಬ್ಯಾಟರಿ ಬದಲಿಸಲು ಮುಚ್ಚಳ ತೆಗೆದೆ. ಸ್ವಿಚ್ ಇಟ್ಟದ್ದು ನಾನು, ಮರೆತದ್ದೂ ನಾನು. ಬೀದಿಯೆಲ್ಲ ಮೊಳಗಿತು.

ಈ ಸಲ ಯಾರೂ ಓಡಿಬರಲಿಲ್ಲ. ರಾಯರು ಹಾಸಿಗೆಯಿಂದಲೇ ಕೂಗಿದರು, "ನೀವೇ ತಾನೇ?"

"ಹೂಂ, ನಾನೇ" ಎಂದೆ.

"ನಾಳೆ ಕಳ್ಳನೂ ಹಾಗೇ ಅಂದರೆ?" ಎಂದಳು ನನ್ನಾಕೆ.

ಬೆಳಿಗ್ಗೆ ಹೋಗಿ ಬೀಗ ತಂದೆ.