ಸೂರ್ಯನಿಗೆ ಭೂಮಿಯನ್ನು ಕೂಡಿದರೆ

ಸೂರ್ಯನ ದ್ರವ್ಯರಾಶಿ 1.989 × 10³⁰ ಕಿಲೋಗ್ರಾಂ, ಗುರುವಿನದು 1.898 × 10²⁷. ಇದೆಲ್ಲ ನಿಮಗೆ ಗೊತ್ತಿರೋದೇ. ಕೂಡಿ ಅಂದಾಗ ಮಾತ್ರ ಎಷ್ಟೋ ಮಕ್ಕಳು ಮುಂದಿನ ಅಂಕಿಗಳನ್ನು ಸೇರಿಸಿ 3.887 ಅಂತ ಬರೆದುಬಿಡ್ತಾರೆ, ಅಲ್ವಾ? ಮೊದಲು ಗುರುವನ್ನೂ 10³⁰ರ ಸಾಲಿಗೆ ತರಬೇಕು. ಘಾತ ಮೂರು ಮೇಲೇರಿದರೆ ಬಿಂದು ಮೂರು ಮನೆ ಎಡಕ್ಕೆ ಸರಿಯುತ್ತದೆ: 0.001898. ಈಗ ಕೂಡಿ, 1.990898. ಸೂರ್ಯನ ಅಂಕಿ ಬಿಂದುವಿನಾಚೆ ಮೂರನೇ ಮನೆಗೇ ನಿಂತಿದೆ. ಹಾಗಾಗಿ ಉತ್ತರವೂ ಅಲ್ಲೇ ನಿಲ್ಲಬೇಕು: 1.991 × 10³⁰.

ಇನ್ನು ನಮ್ಮ ಭೂಮಿ, 5.972 × 10²⁴. ಅದೇ ಸಾಲಿಗೆ ತಂದರೆ 0.000005972. ಕೂಡಿದರೂ ಸೂರ್ಯ ಮತ್ತದೇ 1.989! ನಾವೆಲ್ಲ ಬದುಕುವ ಇಡೀ ಭೂಮಿ ಲೆಕ್ಕಕ್ಕೇ ಸಿಗಲಿಲ್ಲ. ಆ ಕೊನೆಯ 9ರ ಜಾಗದಲ್ಲಿ ಒಂದು ಹೆಚ್ಚು ಕಡಿಮೆ ಅಂದರೇನೇ ಸುಮಾರು 167 ಭೂಮಿಗಳ ತೂಕ ಕಣ್ರೀ.

ಇದನ್ನು ನೆನೆದಾಗಲೆಲ್ಲ ನನಗೆ ಕಬ್ಬಿನ ಲಾರಿ ತೂಗುವ ವೇಬ್ರಿಡ್ಜ್ ಕಣ್ಣಿಗೆ ಬರುತ್ತದೆ. ನಮ್ಮೂರ ಕಡೆಯ ಆ ಚೀಟಿಯಲ್ಲಿ ಕೊನೆಯ ಅಂಕಿ ಯಾವಾಗಲೂ ಸೊನ್ನೆ. ಹತ್ತತ್ತು ಕಿಲೋ ಲೆಕ್ಕದಲ್ಲೇ ತೋರಿಸೋದು ಅದು. ಅದರ ಮೇಲೆ ಜೀರಿಗೆ ಪೊಟ್ಟಣ ಇಟ್ಟು ಅಂಕಿ ಬದಲಾಗಲಿಲ್ಲ ಅಂದರೆ ಜೀರಿಗೆಗೆ ತೂಕವಿಲ್ಲ ಅಂತಲ್ಲ ತಾನೆ? ಭೂಮಿಯದೂ ಅದೇ ಕಥೆ.

ಇನ್ನೊಂದು ತಮಾಷೆ ಕೇಳಿ. ಈಗ ಶನಿಯನ್ನೂ ಸೇರಿಸೋಣ, 5.683 × 10²⁶, ಅಂದರೆ 0.0005683. ಗುರುವನ್ನು ಕೂಡಿದ ಕೂಡಲೇ 1.991 ಅಂತ ದುಂಡಾಗಿಸಿ, ಅದಕ್ಕೆ ಶನಿ ಸೇರಿಸಿದರೆ 1.9915683, ಅಂದರೆ 1.992. ದುಂಡಾಗಿಸದೆ 1.990898ಕ್ಕೇ ಶನಿ ಸೇರಿಸಿದರೆ 1.9914663, ಅಂದರೆ 1.991. ಅದೇ ಸೂರ್ಯ, ಅದೇ ಗುರು, ಅದೇ ಶನಿ. ಉತ್ತರ ಮಾತ್ರ ಎರಡು! ನಡುವೆ ಕತ್ತರಿ ಹಾಕಿದ್ದರ ಫಲ. ಎರಡನೆಯದೇ ಸರಿ.

ಗುರುವಿನಲ್ಲೂ ನಾಲ್ಕು ಸಾರ್ಥಕ ಅಂಕಿ, ಸೂರ್ಯನಲ್ಲೂ ನಾಲ್ಕು, ಉತ್ತರದಲ್ಲೂ ನಾಲ್ಕು ಬಂತಲ್ಲ, ಎಣಿಕೆಯೇ ನಿಯಮ ಅಂದುಕೊಳ್ಳಬೇಡಿ. ಇಲ್ಲಿ ಅದು ಸುಮ್ಮನೆ ಹೊಂದಿಕೊಂಡಿತು ಅಷ್ಟೆ. ಅಂಕಿಗಳನ್ನು ಎಣಿಸುವುದು ಗುಣಾಕಾರ, ಭಾಗಾಕಾರಕ್ಕೆ. ಕೂಡುವಾಗ ನೋಡಬೇಕಾದ್ದು ಯಾವ ಸಂಖ್ಯೆ ಯಾವ ಮನೆಗೆ ಮುಗಿಯುತ್ತದೆ ಅಂತ. ಹಾಗಾಗಿ ಮನೆಯಲ್ಲಿ ಮಕ್ಕಳು ಲೆಕ್ಕ ಮಾಡುತ್ತಿದ್ದರೆ ಇಷ್ಟು ಹೇಳಿ: ಘಾತ ಒಂದೇ ಆಗುವಂತೆ ಮಾಡಿಕೊಂಡು ಕೂಡು, ದುಂಡಾಗಿಸೋದು ಕೊನೆಗೆ, ಒಂದೇ ಸಲ.